ಪೇಜ್‌ನ ರೀಚ್ ದಿಢೀರ್ ಕುಸಿದಾಗ: ಕಾರಣ ಹುಡುಕುವ ದಾರಿ

ನಿನ್ನೆ ಮೊನ್ನೆಯವರೆಗೆ ಸಾವಿರಾರು ಜನರನ್ನು ಮುಟ್ಟುತ್ತಿದ್ದ ಫೇಸ್‌ಬುಕ್ ಪೇಜ್ ಈ ವಾರ ನೂರಿನ್ನೂರಕ್ಕೆ ಬಂದು ನಿಂತರೆ ಕೈ ಸುಮ್ಮನಿರುವುದಿಲ್ಲ. ಹಳೇ ಪೋಸ್ಟ್ ಅಳಿಸಬೇಕು ಅನಿಸುತ್ತದೆ. ದಿನಕ್ಕೆ ಐದು ಪೋಸ್ಟ್ ಹಾಕಬೇಕು ಅನಿಸುತ್ತದೆ. ಹ್ಯಾಶ್‌ಟ್ಯಾಗ್ ಬದಲಿಸಿ, ಸಮಯ ಬದಲಿಸಿ, ಒಂದಿಷ್ಟು ದುಡ್ಡು ಸುರಿದು ಬೂಸ್ಟ್ ಮಾಡಿ ನೋಡೋಣ ಅನಿಸುತ್ತದೆ. ದಯವಿಟ್ಟು ಒಂದೆರಡು ದಿನ ಏನನ್ನೂ ಬದಲಿಸಬೇಡಿ. ಒಟ್ಟಿಗೆ ನಾಲ್ಕು ಬದಲಾವಣೆ ಮಾಡಿದರೆ ಕುಸಿತದ ಕಾರಣ ಯಾವುದು ಎಂದು ಆಮೇಲೆ ಯಾರಿಗೂ ಹೇಳಲು ಆಗುವುದಿಲ್ಲ.

ರೀಚ್ ಎಂಬ ಒಂದು ಅಂಕಿಯ ಒಳಗೆ ಹಲವು ಕಾಲುವೆಗಳ ನೀರು ಸೇರಿದೆ. ಜಾಹೀರಾತಿನಿಂದ ಬಂದವರಿದ್ದಾರೆ. ನಿಮ್ಮ ಫಾಲೋವರ್‌ಗಳಿದ್ದಾರೆ. ಪೇಜ್ ಗೊತ್ತೇ ಇಲ್ಲದ, ಫೇಸ್‌ಬುಕ್ ತಾನಾಗಿ ತೋರಿಸಿದ್ದರಿಂದ ನೋಡಿದವರೂ ಇದ್ದಾರೆ. ಈ ಕಾಲುವೆಗಳಲ್ಲಿ ಯಾವುದು ಬತ್ತಿತು ಎಂದು ಪತ್ತೆ ಮಾಡಬೇಕು. ಅದು ಗೊತ್ತಾದರೆ ಮುಕ್ಕಾಲು ಕೆಲಸ ಮುಗಿದಂತೆ.

ವಿವರಿಸಲು ಸುಲಭವಾಗಲಿ ಅಂತ ಒಂದು ಪೇಜ್ ಕಲ್ಪಿಸಿಕೊಳ್ಳೋಣ. ಮನೆಯೊಳಗೆ ಇಡುವ ಗಿಡಗಳನ್ನು ಮಾರುವ ಪೇಜ್. ಫಾಲೋವರ್‌ಗಳು 6,200. ವಾರಕ್ಕೆ ಆರು ಪೋಸ್ಟ್: ಫೋಟೋ, ರೀಲ್, ಮತ್ತು ಗಿಡ ಸಾಕುವ ಬಗ್ಗೆ ತಮ್ಮದೇ ವೆಬ್‌ಸೈಟ್‌ನಲ್ಲಿ ಬರೆದ ಲೇಖನಗಳ ಲಿಂಕ್. ಮೊದಲ 14 ದಿನದಲ್ಲಿ ಒಟ್ಟು ರೀಚ್ 41,000 ಇತ್ತು. ನಂತರದ 14 ದಿನದಲ್ಲಿ ಅದು 9,500. ಸುಮಾರು 77 ಶೇಕಡ ಕುಸಿತ. ಪೇಜ್ ನೋಡಿಕೊಳ್ಳುವವರು ಗಾಬರಿಯಾಗುವುದು ಸಹಜ ಅಲ್ವಾ?

ಮೊದಲು ಅಂಕಿ ನಿಜವೇ ನೋಡಿ

ಕುಸಿದಿರುವುದು ರೀಚೋ, ಅಥವಾ ಅದನ್ನು ಎಣಿಸುವ ರೀತಿಯೋ? ಈ ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ, ಆದರೆ ತುಂಬಾ ಜನ ಇಲ್ಲೇ ಎಡವುತ್ತಾರೆ. 2018ರ ಫೆಬ್ರವರಿಯಲ್ಲಿ ಫೇಸ್‌ಬುಕ್ ಪೇಜ್‌ಗಳ ರೀಚ್ ಎಣಿಕೆಯನ್ನು ಬಿಗಿ ಮಾಡಿತು. ಅದಕ್ಕೆ ಮುಂಚೆ ಪೋಸ್ಟ್ ಒಬ್ಬರ ಫೀಡ್‌ಗೆ ಬಂದರೆ ಸಾಕು, ಲೆಕ್ಕಕ್ಕೆ ಸೇರುತ್ತಿತ್ತು. ಆಮೇಲೆ ಪೋಸ್ಟ್ ನಿಜವಾಗಿ ಪರದೆಯ ಮೇಲೆ ಕಾಣಿಸಿಕೊಂಡರೆ ಮಾತ್ರ ಲೆಕ್ಕ. ನೋಡುವ ಜನರಲ್ಲಿ ಒಬ್ಬರೂ ಕಡಿಮೆಯಾಗದೆ ಅಂಕಿ ಇಳಿಯಬಹುದಾದ ಬದಲಾವಣೆ ಅದು. 2024ರಲ್ಲಿ ಇನ್ನೊಂದು ಬದಲಾವಣೆ ಬಂತು. Views ಎಂಬುದನ್ನು ಮುಖ್ಯ ಅಳತೆಯಾಗಿ ಮುಂದೆ ತಂದರು. ರೀಚ್‌ನಲ್ಲಿ ಒಬ್ಬರನ್ನು ಒಂದೇ ಸಲ ಎಣಿಸುತ್ತಾರೆ. Views ಹಾಗಲ್ಲ, ಅದೇ ವ್ಯಕ್ತಿ ಮೂರು ಸಲ ನೋಡಿದರೆ ಮೂರು. ಹೋದ ತಿಂಗಳ Views ಅನ್ನು ಈ ತಿಂಗಳ ರೀಚ್ ಪಕ್ಕದಲ್ಲಿಟ್ಟರೆ ಕುಸಿತ ಕಂಡೇ ಕಾಣುತ್ತದೆ.

ಇನ್ನೆರಡು ವಿಷಯ. ಕೊನೆಯ ಎರಡು ದಿನಗಳ ಅಂಕಿಯನ್ನು ನಂಬಬೇಡಿ, ಅದು ಇನ್ನೂ ತುಂಬುತ್ತಿರಬಹುದು. ಹಾಗೆಯೇ ದಿನದಿನದ ರೀಚ್ ಕೂಡಿಸಿ ಹದಿನಾಲ್ಕು ದಿನದ ರೀಚ್ ಮಾಡಬೇಡಿ. ಸೋಮವಾರ ನೋಡಿದವರೇ ಬುಧವಾರವೂ ನೋಡಿರುತ್ತಾರೆ. ಪೇಜ್ ನಡೆಸುವವರಿಗೆ ಇರುವ Meta Business Suite ಒಳಗೆ ಅಂಕಿಗಳನ್ನು ತೋರಿಸುವ Insights ಪುಟ ಇದೆ. ಅಲ್ಲಿ ದಿನಾಂಕ ಆರಿಸಿ, ಆ ಅವಧಿಗೆ ಅದೇ ಕೊಡುವ ಮೊತ್ತವನ್ನು ತೆಗೆದುಕೊಳ್ಳಿ. ಎರಡೂ ಅವಧಿಯಲ್ಲಿ ದಿನಗಳೂ ವಾರಗಳೂ ಸಮ ಇರಲಿ. ಹದಿನಾಲ್ಕು ದಿನ ಎಂದರೆ ಎರಡೂ ಕಡೆ ಎರಡೆರಡು ವಾರಾಂತ್ಯ ಬರುತ್ತವೆ, ಹೋಲಿಕೆ ನ್ಯಾಯವಾಗಿರುತ್ತದೆ.

ನಮ್ಮ ಗಿಡದ ಪೇಜ್‌ನಲ್ಲಿ ಇಲ್ಲಿ ಏನೂ ತಪ್ಪಿಲ್ಲ ಎಂದುಕೊಳ್ಳಿ. 41,000 ಮತ್ತು 9,500 ಎರಡೂ ರೀಚ್, ಎರಡೂ ಪೂರ್ತಿ 14 ದಿನದ್ದು.

ದುಡ್ಡು ಕೊಟ್ಟು ಬಂದದ್ದನ್ನು ಬೇರೆ ಮಾಡಿ

ಒಟ್ಟು ರೀಚ್ ಒಳಗೆ ಜಾಹೀರಾತಿನ ರೀಚ್ ಕೂಡ ಸೇರಿರುತ್ತದೆ. ಬೂಸ್ಟ್ ಮುಗಿದ ದಿನ, ಕಾರ್ಡ್‌ನ ಅವಧಿ ಮುಗಿದು ಆ್ಯಡ್ ನಿಂತ ದಿನ ಗ್ರಾಫ್ ಮೆಟ್ಟಿಲಿನ ಹಾಗೆ ಒಮ್ಮೆಲೇ ಇಳಿಯುತ್ತದೆ. ಇಳಿದ ರೂಪವನ್ನು ಗಮನಿಸಿ. ಒಂದೇ ದಿನದಲ್ಲಿ ಕತ್ತರಿಸಿದಂತೆ ಇಳಿದು ಆಮೇಲೆ ಸಮವಾಗಿ ನಿಂತಿದ್ದರೆ ಎಲ್ಲೋ ಒಂದು ಸ್ವಿಚ್ ಆಫ್ ಆಗಿದೆ ಎಂದೇ ಮೊದಲು ಅನುಮಾನಿಸಬೇಕು: ಆ್ಯಡ್, ಸೆಟ್ಟಿಂಗ್, ನಿರ್ಬಂಧ, ಹೀಗೆ ಏನಾದರೂ. ಹತ್ತು ಹನ್ನೆರಡು ದಿನದಲ್ಲಿ ಇಳಿಜಾರಿನ ಹಾಗೆ ಇಳಿದಿದ್ದರೆ ಅದು ಪೋಸ್ಟ್‌ಗಳ ಅಥವಾ ನೋಡುಗರ ವಿಚಾರ ಇರಬಹುದು.

Insights ಪುಟದಲ್ಲಿ ರೀಚನ್ನು Organic ಮತ್ತು Ads ಎಂದು ಬಿಡಿಸಿ ನೋಡಬಹುದು. ಗಿಡದ ಪೇಜ್‌ನಲ್ಲಿ ಮೊದಲ ಅವಧಿಯ ಆ್ಯಡ್ ರೀಚ್ 17,000, ಎರಡನೆಯದರಲ್ಲಿ ಸೊನ್ನೆ. ಬೂಸ್ಟ್ ಮುಗಿದಿತ್ತು, ಯಾರೂ ಗಮನಿಸಿರಲಿಲ್ಲ. ತಾನಾಗಿ ಬಂದ ರೀಚ್ 26,100ರಿಂದ 9,500ಕ್ಕೆ ಇಳಿದಿದೆ. 17,000 ಮತ್ತು 26,100 ಕೂಡಿದರೆ 43,100 ಆಗುತ್ತದಲ್ಲ, 41,000 ಹೇಗೆ ಎಂದು ಕೇಳಬಹುದು. ಆ್ಯಡ್ ನೋಡಿದವರಲ್ಲಿ ಕೆಲವರು ಮಾಮೂಲಿ ಪೋಸ್ಟ್ ಕೂಡ ನೋಡಿದ್ದಾರೆ, ಒಟ್ಟಿನಲ್ಲಿ ಅವರನ್ನು ಒಂದೇ ಸಲ ಎಣಿಸಿದ್ದಾರೆ. ಲೆಕ್ಕ ಸರಿಯಾಗಿಯೇ ಇದೆ.

ಒಂದು ಕಾರಣ ಸಿಕ್ಕಿತು. ಆದರೆ ಇಲ್ಲಿಗೇ ನಿಲ್ಲಿಸಬಾರದು. 26,100ರಿಂದ 9,500ಕ್ಕೆ ಇಳಿದದ್ದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ.

ಒಂದೇ ಪೋಸ್ಟ್ ಲೆಕ್ಕ ಕೆಡಿಸಿದೆಯೇ?

Meta Business Suite ಒಳಗೆ Insights, ಅದರಲ್ಲಿ Content ಭಾಗಕ್ಕೆ ಹೋದರೆ ಪ್ರತಿ ಪೋಸ್ಟ್‌ನ ರೀಚ್ ಸಿಗುತ್ತದೆ. ಅದನ್ನು Export ಮಾಡಿ ಸ್ಪ್ರೆಡ್‌ಶೀಟ್‌ನಲ್ಲಿ ತೆರೆಯಿರಿ. ಎರಡೂ ಅವಧಿಯ ಪೋಸ್ಟ್‌ಗಳು ಬೇರೆ ಬೇರೆ ಹಾಳೆಯಲ್ಲಿರಲಿ. ಈಗ ಸರಾಸರಿ ನೋಡಬೇಡಿ, ನಡುವಿನ ಬೆಲೆ ನೋಡಿ. ಎಲ್ಲ ಪೋಸ್ಟ್‌ಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿದರೆ ಮಧ್ಯದಲ್ಲಿ ಬರುವ ಅಂಕಿ ಅದು. ರೀಚ್ C ಕಾಲಂನಲ್ಲಿದ್ದು ಹನ್ನೆರಡು ಪೋಸ್ಟ್ ಇದ್ದರೆ ಸೂತ್ರ ಹೀಗೆ:

```
=MEDIAN(C2:C13)
```

ಗಿಡದ ಪೇಜ್‌ನ ಮೊದಲ ಅವಧಿಯ ಹನ್ನೆರಡು ಪೋಸ್ಟ್‌ಗಳ ರೀಚ್ ಸಾಲಾಗಿ ಹೀಗಿದೆ: 350, 380, 400, 420, 450, 480, 560, 600, 640, 700, 1,300, 18,400. ಕೊನೆಯದು ಒಂದು ರೀಲ್. ಒಣಗಿದ ಗಿಡವನ್ನು ಬದುಕಿಸುವುದು ಹೇಗೆ ಎಂಬ ರೀಲ್, ಹೇಗೋ ಎಲ್ಲೆಡೆ ಓಡಿತು. ಸರಾಸರಿ ತೆಗೆದರೆ 2,057. ನಡುವಿನ ಬೆಲೆ 520. ಈ ಪೇಜ್‌ನ ಮಾಮೂಲಿ ಪೋಸ್ಟ್ ಎಷ್ಟು ಜನರನ್ನು ಮುಟ್ಟುತ್ತದೆ ಎಂದು ನಿಜ ಹೇಳುವುದು 520.

ಎರಡನೇ ಅವಧಿಯ ಹನ್ನೆರಡು ಪೋಸ್ಟ್‌ಗಳು: 70, 80, 90, 110, 340, 370, 395, 430, 460, 1,500, 1,800, 2,900. ಸರಾಸರಿ 712, ನಡುವಿನ ಬೆಲೆ ಸುಮಾರು 383. ಸರಾಸರಿ ಪ್ರಕಾರ 65 ಶೇಕಡ ಕುಸಿತ. ನಡುವಿನ ಬೆಲೆ ಪ್ರಕಾರ 26 ಶೇಕಡ. ಭಯ ಅರ್ಧಕ್ಕಿಂತ ಜಾಸ್ತಿ ಇಳಿಯಿತು. ಆದರೂ 26 ಶೇಕಡ ಸಣ್ಣದೇನಲ್ಲ. ಅದೂ ಅಲ್ಲದೆ ಸಾಲಿನ ಆರಂಭದಲ್ಲಿರುವ ಆ ನಾಲ್ಕು ಅಂಕಿ ನೋಡಿ: 70, 80, 90, 110. ಮೊದಲ ಅವಧಿಯಲ್ಲಿ 350ಕ್ಕಿಂತ ಕಡಿಮೆ ಒಂದೂ ಇರಲಿಲ್ಲ. ಇವನ್ನು ನೆನಪಿಟ್ಟುಕೊಳ್ಳಿ.

ಫಾಲೋವರ್‌ಗಳಾ, ಹೊರಗಿನವರಾ?

ನನ್ನ ಪ್ರಕಾರ ಇಡೀ ತಪಾಸಣೆಯಲ್ಲಿ ಅತಿ ಮುಖ್ಯವಾದ ಹಂತ ಇದು. ಫಾಲೋವರ್‌ಗಳಿಗೆ ಪೋಸ್ಟ್ ತಲುಪುವ ದಾರಿ ಬೇರೆ, ಹೊರಗಿನವರಿಗೆ ತಲುಪುವ ದಾರಿ ಬೇರೆ. ಫಾಲೋವರ್‌ಗಳು ತಾವೇ ಆರಿಸಿಕೊಂಡವರು. ಹೊರಗಿನವರಿಗೆ ಬಹುಪಾಲು ಫೇಸ್‌ಬುಕ್ ಶಿಫಾರಸು ಮಾಡಿ ತೋರಿಸುತ್ತದೆ, ಉಳಿದದ್ದು ಯಾರೋ ಶೇರ್ ಮಾಡಿದ್ದರಿಂದ ಬರುತ್ತದೆ. ಶಿಫಾರಸಿಗೆ ಇರುವ ನಿಯಮಗಳು ಜಾಸ್ತಿ ಕಟ್ಟುನಿಟ್ಟು. ಹಾಗಾಗಿ ಒಂದು ದಾರಿ ಮುಚ್ಚಿದರೂ ಇನ್ನೊಂದು ತೆರೆದೇ ಇರಬಹುದು.

Insights ಪುಟದಲ್ಲಿ Followers ಮತ್ತು Non-followers ಎಂದು ಬಿಡಿಸಿ ನೋಡಿ. ಗಿಡದ ಪೇಜ್‌ನಲ್ಲಿ ಫಾಲೋವರ್‌ಗಳ ರೀಚ್ 3,100ರಿಂದ 2,700ಕ್ಕೆ ಬಂದಿದೆ. ಹೊರಗಿನವರದ್ದು 23,000ದಿಂದ 6,800ಕ್ಕೆ. ಮೇಲ್ನೋಟಕ್ಕೆ ಶಿಫಾರಸು ನಿಂತುಹೋದ ಹಾಗೆ ಕಾಣುತ್ತದೆ. ಆದರೆ ಓಡಿದ ಆ ಒಂದು ರೀಲ್‌ನ ಪುಟ ತೆರೆದರೆ ಅದನ್ನು ನೋಡಿದ ಹೊರಗಿನವರೇ 17,900 ಜನ. ಅದನ್ನು ಪಕ್ಕಕ್ಕಿಟ್ಟರೆ ಮೊದಲ ಅವಧಿಯಲ್ಲಿ ಹೊರಗಿನವರು ಸರಿಸುಮಾರು 5,000. ಎರಡನೇ ಅವಧಿಯಲ್ಲಿ 6,800. ಅಂದರೆ ಹೊರಗಿನವರು ಕಡಿಮೆಯೇ ಆಗಿಲ್ಲ, ಸ್ವಲ್ಪ ಹೆಚ್ಚಾಗಿದ್ದಾರೆ. ಶಿಫಾರಸಿನ ದಾರಿ ತೆರೆದೇ ಇದೆ.

ನಿಮ್ಮ ಪೇಜ್‌ನಲ್ಲಿ ಲೆಕ್ಕ ಬೇರೆ ಬರಬಹುದು. ಓಡಿದ ಪೋಸ್ಟ್ ತೆಗೆದಿಟ್ಟ ಮೇಲೂ ಹೊರಗಿನವರ ಸಂಖ್ಯೆ ನೆಲ ಕಚ್ಚಿದ್ದರೆ, ಫಾಲೋವರ್‌ಗಳದ್ದು ಹಾಗೇ ಇದ್ದರೆ, ಕೂಡಲೇ ಪೇಜ್‌ನ ಸ್ಥಿತಿ ನೋಡಿ. ಪ್ರೊಫೆಷನಲ್ ಡ್ಯಾಶ್‌ಬೋರ್ಡ್‌ನಲ್ಲಿ Page status ಎಂಬುದು ಇರುತ್ತದೆ. ತೆಗೆದುಹಾಕಿದ ಪೋಸ್ಟ್‌ಗಳು, ಈಗ ಇರುವ ನಿರ್ಬಂಧಗಳು, ಪೇಜನ್ನು ಬೇರೆಯವರಿಗೆ ಶಿಫಾರಸು ಮಾಡಬಹುದೇ ಇಲ್ಲವೇ ಎಂಬುದು ಅಲ್ಲಿ ತಿಳಿಯುತ್ತದೆ. ಪೇಜ್‌ಗೆ ಪೂರ್ತಿ ಅಧಿಕಾರ ಇರುವವರ ಖಾತೆಯಿಂದಲೇ ನೋಡುವುದು ಒಳ್ಳೆಯದು.

ವ್ಯಾಪಾರದ ಪೇಜ್‌ಗಳು ಶಿಫಾರಸಿನ ನಿಯಮದಲ್ಲಿ ಗೊತ್ತಿಲ್ಲದೆಯೇ ಸಿಕ್ಕಿಬೀಳುತ್ತವೆ. ನಿಯಮ ಮುರಿಯದ, ಅಳಿಸಿಹಾಕದ ಪೋಸ್ಟ್ ಕೂಡ ಶಿಫಾರಸಿಗೆ ಅನರ್ಹ ಆಗಬಹುದು. ಸ್ಪರ್ಧೆ ಮತ್ತು ಉಚಿತ ಬಹುಮಾನ ಹಂಚುವ ಪೋಸ್ಟ್‌ಗಳು ಆ ಪಟ್ಟಿಯಲ್ಲಿವೆ. ಇದು ತುಂಬಾ ಜನರಿಗೆ ಗೊತ್ತಿಲ್ಲ. "ಈ ಗಿಡ ಗೆಲ್ಲಲು ಮೂವರನ್ನು ಟ್ಯಾಗ್ ಮಾಡಿ" ಎಂದು ಹಾಕಿ, ಹೊರಗಿನವರು ಯಾಕೆ ಬರುತ್ತಿಲ್ಲ ಎಂದು ಕಾಯುತ್ತಿರುತ್ತಾರೆ. ಲೈಕ್, ಶೇರ್, ಟ್ಯಾಗ್, ಕಮೆಂಟ್, ವೋಟ್ ಬೇಡಿ ಬರೆಯುವ ಪೋಸ್ಟ್‌ಗಳನ್ನು ಕೆಳಗೆ ತಳ್ಳುತ್ತೇವೆ ಎಂದು ಫೇಸ್‌ಬುಕ್ 2017ರ ಡಿಸೆಂಬರ್‌ನಲ್ಲೇ ಹೇಳಿದೆ. ಪದೇ ಪದೇ ಹೀಗೆ ಮಾಡುವ ಪೇಜ್‌ಗಳ ಉಳಿದ ಪೋಸ್ಟ್‌ಗಳಿಗೂ ಪೆಟ್ಟು ಬೀಳುತ್ತದೆ. ನಿಜವಾದ ಪ್ರಶ್ನೆ ಕೇಳುವುದು, ಸಲಹೆ ಕೇಳುವುದು ಇದರಲ್ಲಿ ಬರುವುದಿಲ್ಲ.

ಬೇರೆಯವರ ವಿಡಿಯೋ ಎತ್ತಿ ಹಾಕುವುದು ಇನ್ನೊಂದು. 2025ರ ಜುಲೈನಲ್ಲಿ ಫೇಸ್‌ಬುಕ್ ಈ ವಿಚಾರದಲ್ಲಿ ಬಿಗಿಯಾಯಿತು. ಇನ್ನೊಬ್ಬರ ವಿಡಿಯೋ, ಫೋಟೋ, ಬರಹವನ್ನು ತಿರುಗಿ ತಿರುಗಿ ಬಳಸುವ ಖಾತೆಗಳು ಏನೇ ಹಾಕಿದರೂ ಅದರ ಹರಡುವಿಕೆ ಕಡಿಮೆ ಮಾಡುತ್ತೇವೆ ಎಂದಿತು. ಅಂದರೆ ಕದ್ದ ವಿಡಿಯೋಗೆ ಮಾತ್ರ ಅಲ್ಲ, ನೀವೇ ಕಷ್ಟಪಟ್ಟು ತೆಗೆದ ಫೋಟೋಗೂ ಅದರ ಬಿಸಿ ತಟ್ಟುತ್ತದೆ. ಪೋಸ್ಟ್ ಹಾಕುವ ಕೆಲಸ ಬೇರೆಯವರಿಗೆ ವಹಿಸಿದ್ದರೆ ಅವರು ಎಲ್ಲಿಂದ ತಂದು ಹಾಕಿದ್ದಾರೆ ಎಂದು ಕೇಳಿ. ಕೊನೆಯ ಮೂವತ್ತು ಪೋಸ್ಟ್ ಕೂತು ನೋಡಿ. ಬೇರೆ ಆ್ಯಪ್‌ನ ಗುರುತು ಮೂಲೆಯಲ್ಲಿ ಕಾಣುವ ವಿಡಿಯೋಗಳೇ ಮೊದಲ ಸುಳಿವು.

ಸ್ಥಿತಿ ಪುಟದಲ್ಲಿ ತಪ್ಪಾದ ನಿರ್ಬಂಧ ಕಂಡರೆ, ಮರುಪರಿಶೀಲನೆ ಕೇಳುವ ಬಟನ್ ಇದ್ದರೆ ಅಲ್ಲಿಂದಲೇ ಕೇಳಿ. ತಪ್ಪು ನಿಜವಾಗಿದ್ದರೆ ಆ ಪೋಸ್ಟ್‌ಗಳನ್ನು ತೆಗೆಯಿರಿ. ಏನನ್ನು ತೆಗೆದಿರಿ, ಯಾವ ದಿನ ಎಂದು ಬರೆದಿಡಿ.

ಇನ್ನು ಫಾಲೋವರ್‌ಗಳೂ ಹೊರಗಿನವರೂ ಒಂದೇ ದಿನ ಒಟ್ಟಿಗೆ ಬಿದ್ದಿದ್ದರೆ ಪೇಜ್‌ನ ಸೆಟ್ಟಿಂಗ್ ನೋಡಿ. ದೇಶದ ಮಿತಿ, ವಯಸ್ಸಿನ ಮಿತಿ ಎಂಬ ಎರಡು ಆಯ್ಕೆಗಳಿವೆ. ಪೇಜ್ ನೋಡಿಕೊಳ್ಳುವ ಯಾರೋ ಅದನ್ನು ಮುಟ್ಟಿದ್ದರೆ, ಮಿತಿಯ ಹೊರಗಿನ ಫಾಲೋವರ್‌ಗಳಿಗೆ ಪೇಜ್ ಕಾಣುವುದೇ ಇಲ್ಲ. ವಯಸ್ಸಿನ ಮಿತಿ ಇಟ್ಟರೆ ಲಾಗಿನ್ ಆಗದವರಿಗೂ ಕಾಣುವುದಿಲ್ಲ. ಪೇಜ್ ಜತೆ ಸಂಬಂಧವೇ ಇಲ್ಲದ ಒಬ್ಬರ ಫೋನಿನಲ್ಲಿ ತೆರೆದು ನೋಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಯಾವ ಬಗೆಯ ಪೋಸ್ಟ್ ಬಿದ್ದಿದೆ?

ಗಿಡದ ಪೇಜ್‌ಗೆ ವಾಪಸ್ ಬರೋಣ. ಸ್ಥಿತಿ ಪುಟ ಸ್ವಚ್ಛವಾಗಿದೆ, ಸೆಟ್ಟಿಂಗ್ ಸರಿ ಇದೆ, ಶಿಫಾರಸು ನಡೆಯುತ್ತಿದೆ. ಹಾಗಾದರೆ ಆ 70, 80, 90, 110 ಯಾವುವು? ಅದೇ ಹಾಳೆಯಲ್ಲಿ ಪೋಸ್ಟ್‌ಗಳನ್ನು ಬಗೆಯ ಪ್ರಕಾರ ಬೇರೆ ಮಾಡಿ, ಪ್ರತಿ ಬಗೆಗೂ ನಡುವಿನ ಬೆಲೆ ತೆಗೆಯಿರಿ. ಫೋಟೋ ಪೋಸ್ಟ್ 410ರಿಂದ 395. ಏನೂ ಆಗಿಲ್ಲ. ರೀಲ್‌ಗಳು ಚೆನ್ನಾಗಿಯೇ ಇವೆ. ಲಿಂಕ್ ಪೋಸ್ಟ್ 620ರಿಂದ 85. ನಿಜವಾದ ದೋಷ ಇಲ್ಲಿ ಅಡಗಿ ಕೂತಿತ್ತು.

ಬಗೆಗೆ ನಾಲ್ಕೈದೇ ಪೋಸ್ಟ್ ಇದ್ದಾಗ ಸಣ್ಣ ಏರಿಳಿತಕ್ಕೆ ಅರ್ಥ ಇಲ್ಲ. 410, 395 ಎರಡೂ ಒಂದೇ ಎಂದುಕೊಳ್ಳಿ. ಆದರೆ ನಾಲ್ಕಕ್ಕೆ ನಾಲ್ಕೂ ಲಿಂಕ್ ಪೋಸ್ಟ್ ಏಳನೇ ಒಂದು ಭಾಗಕ್ಕೆ ಬಿದ್ದಿದ್ದರೆ ಅದು ಕಾಕತಾಳೀಯ ಆಗಲಾರದು. ನಾಲ್ಕಕ್ಕೂ ಒಂದೇ ವೆಬ್‌ಸೈಟ್.

ಆ ಪೋಸ್ಟ್‌ಗಳನ್ನು ಫೋನಿನಲ್ಲಿ ತೆರೆದು ಸುಮ್ನೆ ನೋಡಿ. ಹಳೆಯ ಲಿಂಕ್ ಪೋಸ್ಟ್‌ನಲ್ಲಿ ಲೇಖನದ ದೊಡ್ಡ ಚಿತ್ರ, ಶೀರ್ಷಿಕೆ ಇದೆ. ಹೊಸದರಲ್ಲಿ ಚಿತ್ರ ಇಲ್ಲ, ಬರೀ ವಿಳಾಸದ ಸಾಲು. ಇಂಥ ಪೋಸ್ಟ್ ಮೇಲೆ ಯಾರ ಬೆರಳೂ ನಿಲ್ಲುವುದಿಲ್ಲ. ಒತ್ತುವವರು, ಕಮೆಂಟ್ ಮಾಡುವವರು ಇಲ್ಲದಿದ್ದರೆ ಮುಂದೆ ತೋರಿಸಲು ಕಾರಣವೂ ಇಲ್ಲ.

ಚಿತ್ರ ಯಾಕೆ ಬರಲಿಲ್ಲ? ನೀವು ಲಿಂಕ್ ಹಾಕಿದಾಗ ಫೇಸ್‌ಬುಕ್‌ನ ಒಂದು ಪ್ರೋಗ್ರಾಂ ನಿಮ್ಮ ವೆಬ್‌ಸೈಟ್‌ಗೆ ಹೋಗಿ ಪುಟ ಓದುತ್ತದೆ. ಅದರ ಹೆಸರು facebookexternalhit. ಪುಟದ og:title, og:image ಸಾಲುಗಳಿಂದ ಶೀರ್ಷಿಕೆ, ಚಿತ್ರ ತೆಗೆದುಕೊಂಡು ಬರುತ್ತದೆ. ಆ ಪ್ರೋಗ್ರಾಂಗೆ ಬಾಗಿಲು ತೆರೆಯದಿದ್ದರೆ ಚಿತ್ರವೂ ಇಲ್ಲ, ಶೀರ್ಷಿಕೆಯೂ ಇಲ್ಲ. ಇದನ್ನು ಪರೀಕ್ಷಿಸಲು ಫೇಸ್‌ಬುಕ್‌ನದೇ Sharing Debugger ಇದೆ. ವಿಳಾಸ developers.facebook.com/tools/debug. ಲೇಖನದ ಲಿಂಕ್ ಅಲ್ಲಿ ಹಾಕಿ ನೋಡಿ. ಗಿಡದ ವೆಬ್‌ಸೈಟ್‌ಗೆ ಬಂದ ಉತ್ತರದಲ್ಲಿ 403 ಎಂದಿತ್ತು. ಪ್ರವೇಶ ಇಲ್ಲ ಎಂದು ಅರ್ಥ. ಬ್ರೌಸರ್‌ನಲ್ಲಿ ಅದೇ ಪುಟ ಚೆನ್ನಾಗಿ ತೆರೆಯುತ್ತಿತ್ತು, ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ.

ಕಮಾಂಡ್ ಬಳಸುವ ಅಭ್ಯಾಸ ಇದ್ದರೆ ನಿಮ್ಮ ಕಂಪ್ಯೂಟರ್‌ನಿಂದಲೂ ಅದೇ ಹೆಸರಲ್ಲಿ ಬಾಗಿಲು ತಟ್ಟಬಹುದು:

```
curl -I -A "facebookexternalhit/1.1" https://example.com/blog/
```

ಮೊದಲ ಸಾಲಿನಲ್ಲಿ 200 ಬಂದರೆ ಬಾಗಿಲು ತೆರೆದಿದೆ, 403 ಬಂದರೆ ಮುಚ್ಚಿದೆ. ಒಂದು ಮಿತಿ ಇದೆ. ಕೆಲವು ಫೈರ್‌ವಾಲ್‌ಗಳು ಹೆಸರು ನೋಡುವುದಿಲ್ಲ, ಬಂದವರ ಐಪಿ ವಿಳಾಸ ನೋಡುತ್ತವೆ. ಆಗ ನಿಮಗೆ 200 ಸಿಕ್ಕರೂ ಫೇಸ್‌ಬುಕ್‌ಗೆ 403 ಸಿಗಬಹುದು. ಎರಡರಲ್ಲಿ ಭೇದ ಬಂದರೆ ಡೀಬಗ್ಗರ್ ಹೇಳಿದ್ದನ್ನೇ ನಂಬಿ.

ಈಗ ವೆಬ್‌ಸೈಟ್ ನೋಡಿಕೊಳ್ಳುವವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಲಿಂಕ್ ಪೋಸ್ಟ್ ಬೀಳಲು ಶುರುವಾದ ದಿನದ ಹಿಂದುಮುಂದು ಏನು ಬದಲಾಯಿತು? ಗಿಡದ ಪೇಜ್‌ನಲ್ಲಿ ಉತ್ತರ ತಕ್ಷಣ ಸಿಕ್ಕಿತು. ಕಿರಿಕಿರಿ ಕೊಡುವ ಬಾಟ್‌ಗಳನ್ನು ತಡೆಯಲು ಹೊಸದೊಂದು ಸೆಕ್ಯೂರಿಟಿ ಪ್ಲಗಿನ್ ಹಾಕಿದ್ದರು. ಅದು ಒಳ್ಳೆಯ ಬಾಟ್, ಕೆಟ್ಟ ಬಾಟ್ ಎಂದು ನೋಡದೆ ಎಲ್ಲವನ್ನೂ ಹೊರಗಿಟ್ಟಿತ್ತು. ಅನುಮತಿ ಪಟ್ಟಿಗೆ facebookexternalhit ಸೇರಿಸಿದರು. ಡೀಬಗ್ಗರ್‌ನಲ್ಲಿ Scrape Again ಒತ್ತಿದಾಗ ಚಿತ್ರ, ಶೀರ್ಷಿಕೆ ಎರಡೂ ಬಂದವು.

ಚಿತ್ರವಿಲ್ಲದೆ ಹೋದ ನಾಲ್ಕು ಪೋಸ್ಟ್‌ಗಳು ಇದರಿಂದ ಮೇಲೆ ಏಳುವುದಿಲ್ಲ, ಅವುಗಳ ಕಾಲ ಮುಗಿದಿರುತ್ತದೆ. ಹೊಸ ಲಿಂಕ್ ಪೋಸ್ಟ್ ಹಾಕಿಯೇ ನೋಡಬೇಕು. ಒಂದನ್ನೇ ನೋಡಿ ತೀರ್ಮಾನಿಸಬೇಡಿ, ನಾಲ್ಕಾದರೂ ಬೇಕು. ಪ್ರತಿಯೊಂದಕ್ಕೂ ಎರಡು ಮೂರು ದಿನ ಕೊಡಿ. ಆ ಸಮಯದಲ್ಲಿ ಬೂಸ್ಟ್ ಮಾಡಬೇಡಿ, ಹಾಕುವ ಹೊತ್ತನ್ನೂ ಬದಲಿಸಬೇಡಿ. ಗಿಡದ ಪೇಜ್‌ನ ಮುಂದಿನ ನಾಲ್ಕು ಲಿಂಕ್ ಪೋಸ್ಟ್‌ಗಳು 480, 540, 590, 610 ಮುಟ್ಟಿದರೆ ದೋಷ ಸರಿಯಾಯಿತು ಎನ್ನಬಹುದು. 85ರ ಆಸುಪಾಸಲ್ಲೇ ಉಳಿದರೆ ಕಾರಣ ಬೇರೆ ಇದೆ, ಲಿಂಕ್ ಒಯ್ಯುವ ಪುಟವನ್ನೇ ಪರೀಕ್ಷಿಸಬೇಕು: ಫೋನಿನಲ್ಲಿ ಬೇಗ ತೆರೆಯುತ್ತದೆಯೇ, ತುಂಬಾ ಜಾಹೀರಾತು ಕವಿದಿದೆಯೇ, ಶೀರ್ಷಿಕೆಯಲ್ಲಿ ಹೇಳಿದ್ದು ಒಳಗೆ ಇದೆಯೇ.

ಲಿಂಕ್ ಪೋಸ್ಟ್‌ಗಳು ಮೊದಲಿನಂತಾದ ಮೇಲೂ ಒಟ್ಟು ರೀಚ್ 41,000ಕ್ಕೆ ಬರುವುದಿಲ್ಲ. ಅದರಲ್ಲಿ 17,000 ಬೂಸ್ಟ್‌ನಿಂದ ಬಂದದ್ದು, 18,400 ಒಂದು ರೀಲ್ ತಂದದ್ದು. ಬೂಸ್ಟ್ ಮತ್ತೆ ಬೇಕೇ ಎಂಬುದು ಬಜೆಟ್‌ನ ಲೆಕ್ಕ. ಇನ್ನು ಮುಂದೆ ಈ ಪೇಜ್‌ನ ಪೋಸ್ಟ್‌ಗಳನ್ನು ಹೋಲಿಸಬೇಕಾದದ್ದು 520ಕ್ಕೆ.